ದುಲ್‌ಕರ್ನೈನ್ ಕಥನ: ತಫ್ಸೀರಿನ ಓದು, ಚರಿತ್ರೆಯ ಓದು



ಕುರ್‌ಆನ್ ವ್ಯಾಖ್ಯಾನದ ಹಳೆಯ ಕ್ರಮವನ್ನೂ ಈಚಿನ ಚಾರಿತ್ರಿಕ ಓದನ್ನೂ ಅಕ್ಕಪಕ್ಕ ಇಟ್ಟು ನೋಡಬೇಕೆಂಬುದು ಈ ವರ್ಷದ ದತ್ತಿ ಉಪನ್ಯಾಸದ ವಿಷಯ. ಸಾವಿರದ ನಾನೂರು ವರ್ಷಗಳ ಪರಂಪರೆಯನ್ನು ಒಂದು ಸಂಜೆಯಲ್ಲಿ ಸುತ್ತಿ ಬರಲಾಗದು. ಆದ್ದರಿಂದ ಇಪ್ಪತ್ತು ಆಯತ್‌ಗಳನ್ನು ಮಾತ್ರ ತೆಗೆದುಕೊಂಡಿದ್ದೇನೆ: 18ನೆಯ ಸೂರಾ ಅಲ್ ಕಹ್ಫ್‌ನ 83ರಿಂದ 102ರವರೆಗಿನ ಭಾಗ. ಶುಕ್ರವಾರ ಈ ಸೂರಾ ಓದುವ ರೂಢಿ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿದೆ. ಹಾಗಾಗಿ ನಿಮ್ಮಲ್ಲಿ ಬಹಳ ಮಂದಿಗೆ ದುಲ್‌ಕರ್ನೈನ್‌ನ ಹೆಸರು ಬಾಲ್ಯದಿಂದಲೇ ಪರಿಚಿತ.

ಕಥನದ ಸಾರ ಇಷ್ಟು. ದುಲ್‌ಕರ್ನೈನ್, ಅಂದರೆ ಎರಡು ಕೊಂಬುಗಳವನು, ಎಂಬ ಅರಸನ ಬಗ್ಗೆ ಜನ ಪ್ರವಾದಿಯವರನ್ನು ಕೇಳುತ್ತಾರೆ. ದೇವರು ಆತನಿಗೆ ಭೂಮಿಯಲ್ಲಿ ಅಧಿಕಾರವನ್ನೂ ಪ್ರತಿಯೊಂದಕ್ಕೂ ಬೇಕಾದ ಸಾಧನವನ್ನೂ ಕೊಟ್ಟಿದ್ದಾನೆ. ಆತ ಸೂರ್ಯ ಮುಳುಗುವ ಎಡೆಗೆ ಹೋಗುತ್ತಾನೆ. ಅಲ್ಲಿ ಸೂರ್ಯ ಕೆಸರಿನ ಚಿಲುಮೆಯೊಂದರಲ್ಲಿ ಮುಳುಗುವುದನ್ನು ಕಾಣುತ್ತಾನೆ. ಆಮೇಲೆ ಸೂರ್ಯ ಹುಟ್ಟುವ ಕಡೆಗೆ ಹೋಗಿ, ಬಿಸಿಲಿಗೆ ಮರೆಯೇ ಇಲ್ಲದ ಜನರನ್ನು ನೋಡುತ್ತಾನೆ. ಮೂರನೆಯ ಪಯಣದಲ್ಲಿ ಎರಡು ಬೆಟ್ಟಗಳ ನಡುವಿನ ಜನ ಯಾಜೂಜ್ ಮತ್ತು ಮಾಜೂಜರ ಹಾವಳಿಯಿಂದ ಕಾಪಾಡು ಎಂದು ಮೊರೆಯಿಡುತ್ತಾರೆ. ಆತ ಅವರು ಕೊಡಲು ಬಂದ ಕಾಣಿಕೆ ಬೇಡವೆಂದು, ಅವರ ದುಡಿಮೆಯನ್ನು ಮಾತ್ರ ಪಡೆದು, ಕಬ್ಬಿಣದ ಗಟ್ಟಿಗಳನ್ನು ಒಟ್ಟಿ, ತಿದಿ ಊದಿಸಿ ಕಾಯಿಸಿ, ಕರಗಿದ ಲೋಹ ಸುರಿದು ಗೋಡೆ ಕಟ್ಟುತ್ತಾನೆ. ಇದು ನನ್ನ ಒಡೆಯನ ಕರುಣೆ, ಅವನ ಮಾತಿನ ದಿನ ಬಂದಾಗ ಇದೂ ನೆಲಸಮವಾಗುತ್ತದೆ ಎನ್ನುತ್ತಾನೆ.

ಯಾರು ಈತ? ಯಾವ ಚಿಲುಮೆ? ಎಲ್ಲಿಯ ಗೋಡೆ? ಕುರ್‌ಆನ್ ಹೇಳುವುದಿಲ್ಲ. ವ್ಯಾಖ್ಯಾನದ ಕೆಲಸ ಶುರುವಾಗುವುದು ಇಲ್ಲಿಂದ.

ಇಬ್ನ್ ತೈಮಿಯ್ಯಾ (ನಿಧನ 1328) ವ್ಯಾಖ್ಯಾನದ ಸೂತ್ರಗಳ ಬಗ್ಗೆ ಬರೆದ ಪುಟ್ಟ ಕೃತಿಯಲ್ಲಿ ಒಂದು ಅನುಕ್ರಮವಿದೆ. ಮೊದಲು ಕುರ್‌ಆನನ್ನು ಕುರ್‌ಆನಿನಿಂದಲೇ ಅರ್ಥ ಮಾಡಿಕೊಳ್ಳಬೇಕು. ಅಲ್ಲಿ ಸಿಗದಿದ್ದರೆ ಪ್ರವಾದಿಯವರ ಸುನ್ನತ್, ಆಮೇಲೆ ಸಹಾಬಿಗಳ ಮಾತು, ಅವರ ನಂತರ ಅವರ ಶಿಷ್ಯರ ಮಾತು. ಆದರೆ ಈ ಅನುಕ್ರಮವನ್ನು ಇಷ್ಟು ಸ್ಪಷ್ಟವಾಗಿ ಬರೆದಿಡುವ ಹೊತ್ತಿಗೆ ತಫ್ಸೀರಿನ ಮಹಾಗ್ರಂಥಗಳು ಆಗಲೇ ಹುಟ್ಟಿದ್ದವು. ಅವುಗಳಲ್ಲಿ ಮೊದಲು ತೆರೆಯಬೇಕಾದ್ದು ತಬರಿ (ನಿಧನ 923) ಅವರದು. ತಬರಿ ಒಂದು ಪದಕ್ಕೆ ಬಂದಿರುವ ಎಲ್ಲ ವರದಿಗಳನ್ನೂ ಯಾರಿಂದ ಯಾರಿಗೆ ಬಂತು ಎಂಬ ಇಸ್ನಾದ್ ಸಮೇತ ಸಾಲಾಗಿ ಜೋಡಿಸಿ, ಕೊನೆಗೆ ತಮ್ಮ ತೀರ್ಪು ಕೊಡುತ್ತಾರೆ. ಕೆಲವೊಮ್ಮೆ ತೀರ್ಪು ಕೊಡದೆಯೂ ಬಿಡುತ್ತಾರೆ. 'ಎರಡು ಕೊಂಬು' ಎಂದೇಕೆ ಕರೆದರು ಎಂಬುದಕ್ಕೆ ಹಲವು ಉತ್ತರಗಳು ಬರುತ್ತವೆ: ತಲೆಯ ಎರಡೂ ಬದಿಗೆ ಪೆಟ್ಟು ತಿಂದು ಸತ್ತು ಮತ್ತೆ ಬದುಕಿದ ಎಂಬುದು ಅಲೀ ಅವರ ಹೆಸರಿನಲ್ಲಿ ಬಂದ ವರದಿ, ಪೂರ್ವ ಪಶ್ಚಿಮಗಳೆರಡನ್ನೂ ಆಳಿದ ಎಂಬುದು ಇನ್ನೊಂದು, ತಲೆಯ ಎರಡೂ ಬದಿ ತಾಮ್ರದ್ದಾಗಿತ್ತು ಎಂಬುದು ಮತ್ತೊಂದು. ಹೊಸಬರಿಗೆ ಇದು ಗೊಂದಲದ ರಾಶಿಯಂತೆ ಕಾಣುತ್ತದೆ. ನನ್ನ ಮಟ್ಟಿಗೆ ಇದು ಪ್ರಾಮಾಣಿಕತೆ. ಸಾಕ್ಷಿಗಳು ಒಮ್ಮತಕ್ಕೆ ಬಂದಿಲ್ಲ ಎಂಬುದನ್ನು ಮುಚ್ಚಿಡದೆ ನಮ್ಮ ಮುಂದೆ ಇಡುವ ಕ್ರಮ ಅದು.

ಪ್ರಶ್ನೆ ಕೇಳಿದವರು ಯಾರು ಎಂಬುದಕ್ಕೆ ಪ್ರಸಿದ್ಧವಾದ ಒಂದು ಪ್ರಸಂಗವಿದೆ. ಇಬ್ನ್ ಇಸ್‌ಹಾಕ್ ಹೇಳುವಂತೆ ಮಕ್ಕಾದ ಕುರೈಶರು ನಝ್ರ್ ಬಿನ್ ಹಾರಿಸ್ ಮತ್ತು ಉಕ್ಬಾ ಬಿನ್ ಅಬೀ ಮುಐತ್ ಎಂಬಿಬ್ಬರನ್ನು ಮದೀನಾದ ಯಹೂದಿ ಪಂಡಿತರ ಬಳಿಗೆ ಕಳಿಸಿದರು. ಪಂಡಿತರು ಮೂರು ಪ್ರಶ್ನೆ ಹೇಳಿಕೊಟ್ಟರು: ಹಿಂದಿನ ಕಾಲದ ಯುವಕರ ಕಥೆ, ಪೂರ್ವ ಪಶ್ಚಿಮಗಳನ್ನು ಮುಟ್ಟಿದ ಸಂಚಾರಿಯ ಕಥೆ, ರೂಹ್ ಎಂದರೇನು ಎಂಬುದು. ಗುಹೆಯ ಯುವಕರೂ ದುಲ್‌ಕರ್ನೈನ್‌ನೂ ಒಂದೇ ಸೂರಾದಲ್ಲಿ ಏಕಿದ್ದಾರೆ ಎಂಬುದಕ್ಕೆ ಇದು ಅಚ್ಚುಕಟ್ಟಾದ ವಿವರಣೆ. ಆದರೆ ತಬರಿಯಲ್ಲಿ ಈ ವರದಿಯ ಇಸ್ನಾದ್ ನೋಡಿ. ಇಬ್ನ್ ಇಸ್‌ಹಾಕ್ ಇದನ್ನು ಕೇಳಿದ್ದು ಈಜಿಪ್ಟಿನ ಒಬ್ಬ ಶೇಖರಿಂದ, ಅವರು ಇಕ್ರಿಮಾರಿಂದ, ಇಕ್ರಿಮಾ ಇಬ್ನ್ ಅಬ್ಬಾಸರಿಂದ. ಆ ಶೇಖರ ಹೆಸರೇ ಇಲ್ಲ. ಮೇಲಾಗಿ ಮೂರನೆಯ ಪ್ರಶ್ನೆಯ ಉತ್ತರ ಈ ಸೂರಾದಲ್ಲಿಲ್ಲ, 17ನೆಯದರ 85ನೆಯ ಆಯತ್‌ನಲ್ಲಿದೆ. ಅದು ಮದೀನಾದಲ್ಲಿ ಯಹೂದಿಗಳು ಕೇಳಿದಾಗ ಅವತೀರ್ಣವಾಯಿತು ಎಂದು ಬುಖಾರಿಯಲ್ಲಿರುವ ಇಬ್ನ್ ಮಸ್‌ಊದರ ಹದೀಸ್ ಹೇಳುತ್ತದೆ. ಈ ತೊಡಕು ಹಳಬರಿಗೆ ಗೊತ್ತಿತ್ತು. ಒಂದೇ ಆಯತ್ ಎರಡು ಬಾರಿ ಅವತೀರ್ಣವಾಗಿರಬಹುದು ಎಂಬ ಪರಿಹಾರವನ್ನೂ ಅವರು ಸೂಚಿಸಿದರು. ಹೆಸರಿಲ್ಲದ ಈ ಶೇಖರನ್ನು ದಯವಿಟ್ಟು ನೆನಪಿಡಿ. ಆಧುನಿಕ ಕಾಲದ ಒಂದು ದೊಡ್ಡ ವಾದ ಅವರ ಹೆಗಲ ಮೇಲೆಯೇ ನಿಂತಿದೆ.

ಈಗ ಚಿಲುಮೆಗೆ ಬರೋಣ. ತಫ್ಸೀರಿನ ಕಸುಬುಗಾರಿಕೆಯನ್ನು ಹತ್ತಿರದಿಂದ ನೋಡಲು ಇದಕ್ಕಿಂತ ಒಳ್ಳೆಯ ಎಡೆ ನನಗೆ ಗೊತ್ತಿಲ್ಲ. 86ನೆಯ ಆಯತ್‌ನ ಒಂದು ಪದವನ್ನು ಪ್ರಮಾಣಿತ ಪಾಠಕರು ಎರಡು ಬಗೆಯಲ್ಲಿ ಓದುತ್ತಾರೆ. 'ಹಮಿಅ' ಎಂದರೆ ಕಪ್ಪು ಕೆಸರಿನದು, 'ಹಾಮಿಯ' ಎಂದರೆ ಕುದಿಯುವಂಥದು. ಮದೀನಾದ ನಾಫಿಅ್, ಮಕ್ಕಾದ ಇಬ್ನ್ ಕಸೀರ್ ಮೊದಲನೆಯದನ್ನು ಓದಿದರೆ, ಸಿರಿಯಾದ ಇಬ್ನ್ ಆಮಿರ್, ಕೂಫಾದ ಹಂಝಾ ಎರಡನೆಯದನ್ನು ಓದುತ್ತಾರೆ. ನಾವು ದಿನವೂ ಬಳಸುವ ಹಫ್ಸ್ ಪಾಠದಲ್ಲಿರುವುದು ಕೆಸರು. ಈ ಬಗ್ಗೆ ಇಬ್ನ್ ಅಬ್ಬಾಸ್ ಮತ್ತು ಮುಆವಿಯಾ ನಡುವೆ ವಾದವೆದ್ದಿತ್ತೆಂದೂ, ಯಹೂದಿ ಮೂಲದ ಕಅಬ್ ಅಲ್ ಅಹ್ಬಾರರನ್ನು ಕೇಳಿದಾಗ ಸೂರ್ಯ ಕಪ್ಪು ಮಣ್ಣಿನಲ್ಲಿ ಮುಳುಗುತ್ತದೆಂದು ತೌರಾತಿನಲ್ಲಿ ಕಂಡಿದ್ದೇನೆಂದು ಅವರು ಹೇಳಿದರೆಂದೂ ತಬರಿ ವರದಿ ಮಾಡುತ್ತಾರೆ. ಈಗಿರುವ ತೌರಾತಿನಲ್ಲಿ ಅಂಥ ಮಾತಿಲ್ಲ. ಗಮನಿಸಬೇಕಾದ್ದು ಬೇರೆ. ಪಾಠದ ತಕರಾರೊಂದು ಹುಟ್ಟಿದಾಗ ಸಹಾಬಿಗಳ ಕಾಲದಲ್ಲೇ ಸಮುದಾಯದ ಹೊರಗಿನ ಗ್ರಂಥದತ್ತ ಕೈ ಚಾಚಲಾಗಿತ್ತು. ತಬರಿಯ ತೀರ್ಪು: ಎರಡು ಪಾಠಗಳೂ ಸರಿ, ಚಿಲುಮೆ ಕೆಸರಿನದೂ ಬಿಸಿಯದೂ ಆಗಿರಲು ಅಡ್ಡಿಯಿಲ್ಲ.

ಮೂರು ಶತಮಾನಗಳ ತರುವಾಯ ಫಖ್ರುದ್ದೀನ್ ರಾಝಿ (ನಿಧನ 1210) ಅದೇ ಆಯತ್‌ಗೆ ಬರುವಾಗ ಪ್ರಶ್ನೆಯೇ ಬದಲಾಗಿರುತ್ತದೆ. ಅವರ ಕೈಯಲ್ಲಿ ಗ್ರೀಕ್ ಖಗೋಳಶಾಸ್ತ್ರವಿದೆ. ಭೂಮಿ ಗೋಳ, ಸೂರ್ಯ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು, ಹೀಗಿರುವಾಗ ಭೂಮಿಯ ಒಂದು ಚಿಲುಮೆಯೊಳಗೆ ಅದು ಹೋಗುವುದು ಹೇಗೆ? ಆದ್ದರಿಂದ ಆಯತ್ ಹೇಳುತ್ತಿರುವುದು ದುಲ್‌ಕರ್ನೈನ್‌ಗೆ ಕಂಡದ್ದನ್ನು, ಕಡಲ ಪಯಣಿಗನಿಗೆ ಸೂರ್ಯ ನೀರಿನಲ್ಲೇ ಇಳಿದಂತೆ ಕಾಣುವ ಹಾಗೆ, ಎನ್ನುತ್ತಾರೆ. ಆಯತ್‌ನಲ್ಲಿ 'ಕಂಡನು' ಎಂಬ ಕ್ರಿಯಾಪದ ಇರುವುದು ಈ ಅರ್ಥಕ್ಕೆ ಆಸರೆ. ರಾಝಿ ಹಿಂದಿನವರ ವರದಿಗಳನ್ನು ಎಸೆಯಲಿಲ್ಲ. ಆದರೆ ಖಚಿತವಾದ ಅರಿವಿಗೆ ವಿರುದ್ಧವಾಗಿ ಆಯತ್‌ನ ಹೊರ ಅರ್ಥವನ್ನು ಹಿಡಿಯುವಂತಿಲ್ಲ ಎಂಬ ನಿಯಮವನ್ನು ಪಾಲಿಸಿದರು. ಚರಿತ್ರೆ, ವಿಜ್ಞಾನಗಳ ಎದುರು ವ್ಯಾಖ್ಯಾನ ನಿಲ್ಲಬೇಕಾಗಿ ಬಂದದ್ದು ಐರೋಪ್ಯರು ಬಂದ ಮೇಲೆ ಎಂಬ ಮಾತು ತರಗತಿಗಳಲ್ಲಿ ಕೇಳಿಬರುತ್ತದೆ. ರಾಝಿಯ ಈ ಪುಟಗಳನ್ನು ಓದಿದವರು ಹಾಗೆ ಹೇಳಲಾರರು.

ಇದೇ ರಾಝಿ ಇನ್ನೊಂದು ಕಡೆ ಸಿಕ್ಕಿಬೀಳುತ್ತಾರೆ. ಪೂರ್ವ ಪಶ್ಚಿಮಗಳನ್ನು ಆಳಿದ ಅರಸ ಚರಿತ್ರೆಗೆ ಅಪರಿಚಿತನಾಗಿರಲು ಸಾಧ್ಯವಿಲ್ಲ, ಅಂಥವನೆಂದರೆ ಅಲೆಕ್ಸಾಂಡರ್ ಒಬ್ಬನೇ, ಆದ್ದರಿಂದ ದುಲ್‌ಕರ್ನೈನ್ ಅವನೇ ಎಂದು ವಾದಿಸುತ್ತಾರೆ. ಕೂಡಲೇ, ಇದರಲ್ಲೊಂದು ಬಲವಾದ ತೊಡಕಿದೆ ಎಂದು ತಾವೇ ಒಪ್ಪುತ್ತಾರೆ: ಅವನು ಅರಿಸ್ಟಾಟಲನ ಶಿಷ್ಯ, ದೇವರು ಅವನನ್ನು ಹೊಗಳಿದರೆ ಗುರುವಿನ ಮತವನ್ನೂ ಒಪ್ಪಿದಂತಾಗುವುದಿಲ್ಲವೇ? ಇಬ್ನ್ ಕಸೀರ್ (ನಿಧನ 1373, ಮೇಲೆ ಹೇಳಿದ ಪಾಠಕರಲ್ಲ, ದಮಾಸ್ಕಸ್ಸಿನ ವ್ಯಾಖ್ಯಾನಕಾರರು) ಗಂಟನ್ನು ಬೇರೆ ರೀತಿ ಬಿಡಿಸುತ್ತಾರೆ. ಅಲೆಕ್ಸಾಂಡರ್ ಇಬ್ಬರು. ಇಬ್ರಾಹೀಮರ ಕಾಲದ ಧರ್ಮಿಷ್ಠ ಒಬ್ಬ, ಅರಿಸ್ಟಾಟಲನ್ನು ಮಂತ್ರಿಯಾಗಿಸಿಕೊಂಡ ಮ್ಯಾಸಿಡೋನಿಯಾದವನು ಇನ್ನೊಬ್ಬ. ಆ ಮೊದಲನೆಯವನಿಗೆ ಚರಿತ್ರೆಯಲ್ಲಿ ಬೇರೆ ಪುರಾವೆ ಇಲ್ಲ. ಇಲ್ಲಿ ಹಳೆಯ ವಿಧಾನ ತನ್ನ ಮಿತಿಯನ್ನು ಮುಟ್ಟುತ್ತದೆಂದು ನನಗನ್ನಿಸುತ್ತದೆ. ವರದಿಗಾರರು ಎಂಥವರು ಎಂಬುದನ್ನು ಅದು ಸೂಕ್ಷ್ಮವಾಗಿ ತೂಗಬಲ್ಲದು. ಆದರೆ ಒಂದು ಕಥೆ ಯಾವ ಕಾಲದಲ್ಲಿ ಮೊದಲು ಹುಟ್ಟಿರಬಹುದು ಎಂದು ಕೇಳುವ ಸಲಕರಣೆ ಅದರ ಬಳಿ ಇಲ್ಲ.

ಅದೇ ಇಬ್ನ್ ಕಸೀರರ ವಿಮರ್ಶಾಶಕ್ತಿಗೆ ಒಂದು ಉದಾಹರಣೆ ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಯಾಜೂಜ್ ಮಾಜೂಜರು ದಿನವೂ ಗೋಡೆಯನ್ನು ಕೊರೆಯುತ್ತಾರೆ, ಸೂರ್ಯನ ಬೆಳಕು ಕಾಣುವ ಹೊತ್ತಿಗೆ ನಾಳೆ ಮುಗಿಸೋಣವೆಂದು ಹಿಂದಿರುಗುತ್ತಾರೆ, ಮರುದಿನ ಗೋಡೆ ಮೊದಲಿನಂತೆಯೇ ಇರುತ್ತದೆ ಎಂಬ ಹದೀಸ್ ಅಬೂ ಹುರೈರಾ ಅವರ ಮೂಲಕ ಬಂದಿದೆ. ಅದರ ಇಸ್ನಾದ್ ಚೆನ್ನಾಗಿದೆ, ಬಲವಾಗಿದೆ ಎಂದು ಇಬ್ನ್ ಕಸೀರ್ ಒಪ್ಪುತ್ತಾರೆ. ಆದರೆ ಅದನ್ನು ಪ್ರವಾದಿಯವರ ಮಾತೆನ್ನುವುದು ಒಗ್ಗುವುದಿಲ್ಲ ಎನ್ನುತ್ತಾರೆ. ಕಾರಣ, ಅವರಿಗೆ ಗೋಡೆಯನ್ನು ಹತ್ತಲೂ ಆಗಲಿಲ್ಲ, ಕೊರೆಯಲೂ ಆಗಲಿಲ್ಲ ಎಂದು 97ನೆಯ ಆಯತ್ ಹೇಳುತ್ತದೆ. ಬಹುಶಃ ಅಬೂ ಹುರೈರಾ ಇದನ್ನು ಕಅಬ್‌ರಿಂದ ಕೇಳಿದ್ದಿರಬೇಕು, ಮುಂದೆ ಯಾರೋ ಅದನ್ನು ಪ್ರವಾದಿಯವರದೆಂದು ಭಾವಿಸಿರಬೇಕು ಎಂದು ಊಹಿಸುತ್ತಾರೆ. ಸಾಕ್ಷಿ ನಂಬಿಗಸ್ತ, ಆದರೂ ಸಾಕ್ಷ್ಯ ಪಠ್ಯಕ್ಕೆ ಹೊಂದುವುದಿಲ್ಲ, ಹಾಗಾದರೆ ದಾರಿಯಲ್ಲೆಲ್ಲೋ ಬೆರಕೆಯಾಗಿದೆ. ಯಾವ ಚರಿತ್ರಕಾರನೂ ಮೆಚ್ಚುವ ತರ್ಕವಿದು.

ಇನ್ನು ಹೊಸ ಓದು. 1889ರಲ್ಲಿ ಅರ್ನೆಸ್ಟ್ ವಾಲಿಸ್ ಬಜ್ ಅಲೆಕ್ಸಾಂಡರನ ಸಿರಿಯಾಕ್ ಕಥೆಗಳನ್ನು ಅಚ್ಚು ಹಾಕಿಸಿದರು. ಸಿರಿಯಾಕ್ ಎಂದರೆ ಆಗಿನ ಸಿರಿಯಾ, ಇರಾಕ್ ಕಡೆಯ ಕ್ರೈಸ್ತರ ಅರಮಾಯಿಕ್ ಸಾಹಿತ್ಯಭಾಷೆ. ಅದರಲ್ಲಿದ್ದ ಒಂದು ಚಿಕ್ಕ ಗದ್ಯಕಥೆಯನ್ನು ಓದಿದ ಥಿಯೋಡೋರ್ ನೋಲ್ಡೆಕೆ 1890ರಲ್ಲಿ, ಅಲ್ ಕಹ್ಫ್‌ನ ಕಥನಕ್ಕೂ ಇದಕ್ಕೂ ನೇರ ನಂಟಿದೆ ಎಂದು ಬರೆದರು. ಹೋಲಿಕೆ ಮೇಲುಮೇಲಿನದಲ್ಲ. ಸಿರಿಯಾಕ್ ಕಥೆಯಲ್ಲಿ ಅಲೆಕ್ಸಾಂಡರ್ ತನ್ನ ತಲೆಯ ಮೇಲೆ ದೇವರು ಕೊಂಬುಗಳನ್ನು ಬೆಳೆಸಿದ್ದಾನೆ ಎನ್ನುತ್ತಾನೆ. ದುರ್ನಾತದ ಕಡಲಿನ ತನಕ ಹೋಗುತ್ತಾನೆ. ಸೂರ್ಯ ಉದಯಿಸುವಾಗ ಅದರ ಉರಿಗೆ ಓಡಿ ಅಡಗುವ ಜನರ ವಿವರ ಬರುತ್ತದೆ. ಕೊನೆಗೆ ಉತ್ತರದ ಬೆಟ್ಟಗಳ ಕಣಿವೆಯಲ್ಲಿ, ಗೋಗ್ ಮಾಗೋಗರು ಸೇರಿದಂತೆ ಹೂಣರನ್ನು ತಡೆಯಲು ಕಬ್ಬಿಣ ಮತ್ತು ಹಿತ್ತಾಳೆಯ ಬಾಗಿಲು ಕಟ್ಟಿಸಿ, ಲೋಕದ ಕೊನೆಗೆ ಅದು ತೆರೆಯುತ್ತದೆಂದು ಭವಿಷ್ಯ ನುಡಿಯುತ್ತಾನೆ.

ಕೆವಿನ್ ವ್ಯಾನ್ ಬ್ಲಾಡೆಲ್ 2008ರಲ್ಲಿ ಪ್ರಕಟವಾದ ಲೇಖನದಲ್ಲಿ ಎರಡು ಪಠ್ಯಗಳನ್ನೂ ಸಾಲು ಸಾಲಾಗಿ ಹೋಲಿಸಿ, ಪ್ರಸಂಗಗಳ ಅನುಕ್ರಮವೂ ಒಂದೇ ಎಂದು ತೋರಿಸಿದರು. ಇದಕ್ಕಿಂತ ಮುಖ್ಯವಾದದ್ದು ಕಾಲನಿರ್ಣಯ. ಕಥೆಯಲ್ಲಿ ಎರಡು ಭವಿಷ್ಯವಾಣಿಗಳಿವೆ: 826 ವರ್ಷ ತುಂಬಿದಾಗ ಹೂಣರು ಒಮ್ಮೆ ನುಗ್ಗುತ್ತಾರೆ, 940ರಲ್ಲಿ ಇನ್ನೊಮ್ಮೆ, ಆಗ ಮಹಾಯುದ್ಧವಾಗಿ ರೋಮ್ ಗೆಲ್ಲುತ್ತದೆ. ಸಿರಿಯಾಕ್ ಜನ ಬಳಸುತ್ತಿದ್ದ ಶಕೆ ಕ್ರಿ.ಪೂ. 312-311ರಿಂದ ಆರಂಭವಾಗುತ್ತದೆ, ಅದನ್ನು ಅವರು ಅಲೆಕ್ಸಾಂಡರನ ಶಕೆ ಎನ್ನುತ್ತಿದ್ದರು. 826ರಿಂದ 311 ಕಳೆದರೆ ಕ್ರಿ.ಶ. 515. ಆ ಸುಮಾರಿಗೆ ಸಬೀರ್ ಹೂಣರು ಕಾಕಸಸ್ ದಾಟಿ ನುಗ್ಗಿದ್ದು ನಿಜ. 940ರಿಂದ 311 ಕಳೆದರೆ 629. ರೋಮನ್ ಚಕ್ರವರ್ತಿ ಹೆರಾಕ್ಲಿಯಸ್ ಇರಾನಿನ ಮೇಲೆ ಗೆದ್ದದ್ದು 628ರಲ್ಲಿ. ಭವಿಷ್ಯವಾಣಿಯ ರೂಪದ ಬರಹ ಎಲ್ಲಿಯವರೆಗೆ ನಡೆದ ಘಟನೆಗಳಿಗೆ ನಿಖರವಾಗಿ ಹೊಂದುತ್ತದೋ ಅಲ್ಲಿಯವರೆಗೆ ಬರೆದವನಿಗೆ ಅದು ಭೂತಕಾಲ, ಎಲ್ಲಿ ತಪ್ಪಲು ಶುರುವಾಗುತ್ತದೋ ಅದೇ ಬರೆದವನ ವರ್ತಮಾನ. ಇದು ಚರಿತ್ರಕಾರರ ಅಳತೆಗೋಲು. ಈ ಅಳತೆಯ ಪ್ರಕಾರ ಕಥೆ 629ರ ಆಸುಪಾಸಿನದು, ಹೆರಾಕ್ಲಿಯಸ್‌ನ ಗೆಲುವನ್ನು ಕೊಂಡಾಡಲು ಹುಟ್ಟಿದ್ದು ಎಂದು ಗೆರಿಟ್ ರೈನಿಂಕ್ ವಾದಿಸಿದ್ದರು. ವ್ಯಾನ್ ಬ್ಲಾಡೆಲ್ ಅದನ್ನೇ ಆಧಾರವಾಗಿಟ್ಟುಕೊಂಡರು.

ಇಲ್ಲಿ ಎರಡು ವಿಧಾನಗಳು ಮುಖಾಮುಖಿಯಾಗುತ್ತವೆ. ಸಂಪ್ರದಾಯದ ಪ್ರಕಾರ ಅಲ್ ಕಹ್ಫ್ ಮಕ್ಕಾ ಕಾಲದ ಸೂರಾ, ಅಂದರೆ 622ಕ್ಕಿಂತ ಮೊದಲಿನದು. 629ರಲ್ಲಿ ಹುಟ್ಟಿದ ಕಥೆಯ ಪ್ರತಿಧ್ವನಿ ಅದರಲ್ಲಿರುವುದು ಹೇಗೆ? ಒಂದೋ ಈ ಆಯತ್‌ಗಳು ಪ್ರವಾದಿಯವರ ಕೊನೆಯ ವರ್ಷಗಳವು, ಅಥವಾ ಕಥೆಯ ಕಾಲನಿರ್ಣಯ ತಪ್ಪು. ಹತ್ತಾರು ವರ್ಷ ಈ ಪ್ರಶ್ನೆ ತೂಗಾಡಿದೆ. ನೋಲ್ಡೆಕೆ ಸ್ವತಃ ಕಥೆಯನ್ನು 6ನೆಯ ಶತಮಾನದ ಆರಂಭಕ್ಕೆ ಹಾಕಿದ್ದರು. ಈಚೆಗೆ ತೊಮ್ಮಾಸೊ ತೆಸೇಯಿ 2023ರ ತಮ್ಮ ಪುಸ್ತಕದಲ್ಲಿ ಮತ್ತೆ 6ನೆಯ ಶತಮಾನದ ಪರವಾಗಿ ವಾದಿಸಿದ್ದಾರೆ. ಅವರು ಸರಿಯಾದರೆ ಕಥೆ ಪ್ರವಾದಿಯವರು ಹುಟ್ಟುವ ಮೊದಲೇ ಕ್ರೈಸ್ತ ಪೂರ್ವದಲ್ಲಿ ಓಡಾಡುತ್ತಿತ್ತು, ಮಕ್ಕಾ ಕಾಲದ ಸೂರಾಕ್ಕೆ ಯಾವ ಅಡ್ಡಿಯೂ ಇಲ್ಲ. ಬಜ್ ಅವರಿಗೆ ಸಿಕ್ಕ ಹಸ್ತಪ್ರತಿಗಳು ಈಚಿನ ಶತಮಾನಗಳವು. 7ನೆಯ ಶತಮಾನದ ಪ್ರತಿ ಯಾರ ಕೈಯಲ್ಲೂ ಇಲ್ಲ. 940ರ ಸಾಲು ಮೂಲದಲ್ಲೇ ಇತ್ತೋ, ಆಮೇಲೆ ಸೇರಿತೋ ಎಂದು ಕೇಳುವುದು ಇಸ್ನಾದಿನಲ್ಲಿ ಹೆಸರಿಲ್ಲದ ಶೇಖ್ ಯಾರು ಎಂದು ಕೇಳಿದಷ್ಟೇ ನ್ಯಾಯವಾದದ್ದು. ಚಾರಿತ್ರಿಕ ಓದಿಗೂ ತನ್ನದೇ ಆದ ಕಡಿದ ಕೊಂಡಿಗಳಿವೆ, ಮತ್ತು ಅದರ ತೀರ್ಮಾನಗಳನ್ನು ಅಂತಿಮವೆಂದು ಕಲಿಸುವ ಅಧ್ಯಾಪಕರು ಆ ವಿಧಾನಕ್ಕೇ ದ್ರೋಹ ಮಾಡುತ್ತಾರೆ.

ಹೋಲಿಕೆ ತೋರಿಸಿ ನಿಲ್ಲಿಸಿದರೆ ಅರ್ಧ ಕೆಲಸವಷ್ಟೇ ಆಗುತ್ತದೆ. ಕುರ್‌ಆನ್ ಏನನ್ನು ಬಿಟ್ಟಿದೆ ಎಂದು ಕೇಳಬೇಕು. ಅಲೆಕ್ಸಾಂಡರನ ಹೆಸರಿಲ್ಲ. ರೋಮ್ ಇಲ್ಲ, ಇರಾನ್ ಇಲ್ಲ, ಹೂಣರಿಲ್ಲ, ವರ್ಷದ ಲೆಕ್ಕವಿಲ್ಲ. ಸಿರಿಯಾಕ್ ಕಥೆಯ ಗುರಿಯೇ ಲೋಕಾಂತ್ಯದಲ್ಲಿ ಕ್ರೈಸ್ತ ಸಾಮ್ರಾಜ್ಯ ಎಲ್ಲವನ್ನೂ ಗೆಲ್ಲುತ್ತದೆ ಎಂದು ಸಾರುವುದು. ಕುರ್‌ಆನಿನಲ್ಲಿ ಗೆಲ್ಲುವ ಸಾಮ್ರಾಜ್ಯವೇ ಇಲ್ಲ. ಗೋಡೆ ಕಟ್ಟಿದವನೇ ಅದು ಪುಡಿಯಾಗುತ್ತದೆ ಎನ್ನುತ್ತಾನೆ, ಮುಂದಿನ ಆಯತ್‌ನಲ್ಲೇ ಕಹಳೆ ಊದುತ್ತದೆ, ಎಲ್ಲರೂ ಒಟ್ಟುಗೂಡುತ್ತಾರೆ. ಆ ಕಾಲದ ಕೇಳುಗರಿಗೆ ಸಾಮ್ರಾಜ್ಯದ ಕಥೆ ಗೊತ್ತಿದ್ದರೆ ಈ ಮೌನ ಅವರಿಗೆ ಗಟ್ಟಿಯಾಗಿಯೇ ಕೇಳಿಸಿರಬೇಕು. ಆಂಗೆಲಿಕಾ ನಾಯ್‌ವಿರ್ತ್ ಅಂಥವರು ಕುರ್‌ಆನನ್ನು ಅದರ ಕಾಲದ ಯಹೂದಿ ಕ್ರೈಸ್ತ ಪಠ್ಯಗಳ ಜೊತೆ ವಾದಕ್ಕಿಳಿದ ಪಠ್ಯವಾಗಿ ಓದಬೇಕು ಎನ್ನುವುದು ಈ ಅರ್ಥದಲ್ಲಿ. ಚಾರಿತ್ರಿಕ ಓದಿನ ಅತ್ಯುತ್ತಮ ಫಲ ಇದು ಎಂದು ನಾನು ತಿಳಿದಿದ್ದೇನೆ. ಎಲ್ಲಿಂದ ಬಂತು ಎಂಬ ಪ್ರಶ್ನೆಯಲ್ಲೇ ನಿಂತವರಿಗೆ ಅದು ದಕ್ಕುವುದಿಲ್ಲ.

ಮುಸ್ಲಿಮರೇ ನಡೆಸಿದ ಚಾರಿತ್ರಿಕ ಓದುಗಳೂ ಇವೆ. ಈಜಿಪ್ಟಿನ ಮುಹಮ್ಮದ್ ಅಹ್ಮದ್ ಖಲಫುಲ್ಲಾ ಕುರ್‌ಆನಿನ ಕಥನಕಲೆಯ ಬಗ್ಗೆ 1947ರಲ್ಲಿ ಬರೆದ ಪ್ರಬಂಧ ಕೈರೋದಲ್ಲಿ ತಿರಸ್ಕೃತವಾಯಿತು. ಕಥನಗಳು ಕೇಳುಗರು ತಿಳಿದಿದ್ದ ರೂಪದಲ್ಲೇ ಬರುತ್ತವೆ, ಅವುಗಳ ಗುರಿ ಬೋಧೆ, ಚರಿತ್ರೆಯ ಪಾಠವಲ್ಲ ಎಂಬುದು ಅವರ ನಿಲುವು. ನಮಗೆ ಇನ್ನೂ ಹತ್ತಿರದವರು ಮೌಲಾನಾ ಅಬುಲ್ ಕಲಾಂ ಆಜಾದ್. 'ತರ್ಜುಮಾನುಲ್ ಕುರ್‌ಆನ್'ನಲ್ಲಿ ಅವರು ದುಲ್‌ಕರ್ನೈನ್ ಅಲೆಕ್ಸಾಂಡರನಲ್ಲ, ಇರಾನಿನ ಸೈರಸ್ ಎಂದು ವಾದಿಸಿದರು. ವಾದ ಚುರುಕಾಗಿದೆ. ಪ್ರಶ್ನೆ ಕೇಳಿದವರು ಯಹೂದಿಗಳು. ಅವರ ದಾನಿಯೇಲನ ಗ್ರಂಥದ 8ನೆಯ ಅಧ್ಯಾಯದಲ್ಲಿ ಎರಡು ಕೊಂಬಿನ ಟಗರು ಮೇದಿಯ ಮತ್ತು ಪಾರಸಿಕ ಅರಸರನ್ನು ಸೂಚಿಸುತ್ತದೆ. ಅಲ್ಲಿ ಗ್ರೀಕ್ ಅರಸನನ್ನು ಸೂಚಿಸುವುದು ಹೋತದ ಒಂಟಿ ಕೊಂಬು. ಬಾಬಿಲೋನಿನಿಂದ ಯಹೂದಿಗಳನ್ನು ಬಿಡಿಸಿದ ಸೈರಸ್‌ನನ್ನು ಯೆಶಾಯನ ಗ್ರಂಥ ದೇವರ ಅಭಿಷಿಕ್ತನೆಂದೇ ಕರೆಯುತ್ತದೆ. ಪಸರ್ಗದೈಯ ಶಿಲಾಫಲಕದಲ್ಲಿ ಕೊಂಬಿನ ಕಿರೀಟ ತೊಟ್ಟ ಆಕೃತಿಯಿದೆ. ರಾಝಿಯನ್ನು ಕಾಡಿದ ಅರಿಸ್ಟಾಟಲನ ತೊಡಕೂ ಇಲ್ಲಿ ಏಳುವುದಿಲ್ಲ.

ಆದರೆ ವಾದದ ಬುನಾದಿಯನ್ನು ತಟ್ಟಿ ನೋಡಿ. ಕೇಳಿದವರು ಯಹೂದಿಗಳು ಎಂಬುದನ್ನು ಕುರ್‌ಆನ್ ಹೇಳುವುದಿಲ್ಲ. ಅದು ಬಂದಿರುವುದು ಈಜಿಪ್ಟಿನ ಆ ಹೆಸರಿಲ್ಲದ ಶೇಖರ ಮೂಲಕ. ಸೈರಸ್ ಗೋಗ್ ಮಾಗೋಗರ ವಿರುದ್ಧ ಬಾಗಿಲು ಕಟ್ಟಿದನೆಂಬ ಪ್ರಾಚೀನ ಸಾಕ್ಷ್ಯವೂ ಇಲ್ಲ. ಅಲೆಕ್ಸಾಂಡರ್ ಕಣಿವೆಗೆ ಕಬ್ಬಿಣದ ಬಾಗಿಲು ಹಾಕಿಸಿದ ಕಥೆಯನ್ನಾದರೋ 1ನೆಯ ಶತಮಾನದ ಯಹೂದಿ ಚರಿತ್ರಕಾರ ಜೋಸೆಫಸ್ ಬರೆದಿಟ್ಟಿದ್ದಾನೆ. ಕೊಂಬಿನ ಅಲೆಕ್ಸಾಂಡರ್ ಅವನ ಸೇನಾಪತಿ ಲೈಸಿಮಾಕಸ್ ಟಂಕಿಸಿದ ನಾಣ್ಯಗಳ ಮೇಲೆಯೇ ಇದ್ದಾನೆ. ಆಧುನಿಕ ವಾದವೊಂದನ್ನು ಹೀಗೆ ಪರೀಕ್ಷಿಸಲು ಇಸ್ನಾದಿನ ವಿದ್ಯೆಯೂ ಬೇಕಾಯಿತು, ನಾಣ್ಯಶಾಸ್ತ್ರವೂ ಬೇಕಾಯಿತು.

ನೀವು ಈ ಭಾಗದ ಮೇಲೆ ಪ್ರಬಂಧ ಬರೆಯುವುದಾದರೆ ಮೊದಲು ತಬರಿಯನ್ನು ಇಸ್ನಾದ್ ಬಿಡದೆ ಓದಿ. ಸಂಕ್ಷಿಪ್ತ ಆವೃತ್ತಿಗಳಲ್ಲಿ ಇಸ್ನಾದ್ ಕತ್ತರಿಸಿಹೋಗಿರುತ್ತದೆ. ಆಮೇಲೆ ರಾಝಿ ಮತ್ತು ಇಬ್ನ್ ಕಸೀರ್. ಅವರು ಎಲ್ಲೆಲ್ಲಿ ತಬರಿಯಿಂದ ದೂರ ಸರಿಯುತ್ತಾರೆ, ಯಾಕೆ ಎಂದು ಗುರುತು ಮಾಡಿಕೊಳ್ಳಿ. ಆಮೇಲೆ ಸಿರಿಯಾಕ್ ಕಥೆಯನ್ನು, ಅದರ ಬಗೆಗಿನ ಲೇಖನಗಳಿಗಿಂತ ಮೊದಲು, ಪೂರ್ತಿಯಾಗಿ ಓದಿ. ಅದು ಉದ್ದವಿಲ್ಲ. ಹೊಂದುವ ಸಾಲುಗಳನ್ನು ಒಂದು ಕಡೆ, ಹೊಂದದ ಸಾಲುಗಳನ್ನು ಇನ್ನೊಂದು ಕಡೆ ಬರೆಯಿರಿ. ಹೋಲಿಕೆಯ ಪಟ್ಟಿಗಳು ಅಚ್ಚಾಗಿ ಸಿಗುತ್ತವೆ, ಹೊಂದದ ಸಾಲುಗಳ ಪಟ್ಟಿಯನ್ನು ನೀವೇ ಮಾಡಬೇಕಾಗುತ್ತದೆ. ಕಾಲನಿರ್ಣಯದ ಪ್ರಶ್ನೆಯಲ್ಲಿ ಸದ್ಯಕ್ಕೆ ನನ್ನ ಒಲವು 6ನೆಯ ಶತಮಾನದ ಕಡೆಗಿದೆ. 629ರಲ್ಲಿ ಬರೆದ ಸಿರಿಯಾಕ್ ಕಥೆಯೊಂದು ಎರಡು ಮೂರು ವರ್ಷಗಳಲ್ಲಿ ಹಿಜಾಝಿಗೆ ತಲುಪಿ, ಜನ ಅದರ ಬಗ್ಗೆ ಪ್ರಶ್ನೆ ಕೇಳುವಷ್ಟು ಬಳಕೆಗೆ ಬಂತೆನ್ನುವುದು ಅಸಾಧ್ಯವಲ್ಲದಿದ್ದರೂ ಅವಸರದ್ದು. 940ರ ಸಾಲಿಲ್ಲದ ಹಳೆಯ ಹಸ್ತಪ್ರತಿಯೊಂದು ಯಾವುದಾದರೂ ಸಿರಿಯಾಕ್ ಮಠದ ಸಂಗ್ರಹದಲ್ಲಿ ಸಿಕ್ಕರೆ ಈ ಒಲವು ಗಟ್ಟಿಯಾಗುತ್ತದೆ. ಆ ಸಾಲನ್ನು ತೆಗೆದರೆ ಕಥೆಯ ಉಳಿದ ಭಾಗ ನಿಲ್ಲುವುದೇ ಇಲ್ಲವೆಂದು ಯಾರಾದರೂ ತೋರಿಸಿಕೊಟ್ಟರೆ ನಾನು ಅದನ್ನು ಬಿಡಬೇಕಾಗುತ್ತದೆ.